ಬಡಾವಣೆಗೊಂದು ಪುಟ ಮಾಡಿಕೊಡ್ತೀವಿ ಅನ್ನುವವರಿಗೆ ದುಡ್ಡು ಕೊಡಬೇಡಿ

ಟ್ಯೂಷನ್ ಸೆಂಟರ್ ನಡೆಸುವವರೆಲ್ಲ ದಯವಿಟ್ಟು ಓದಿ. ಮೈಸೂರಿನ ಕುವೆಂಪುನಗರದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುವ ಒಂದು ಸೆಂಟರ್‌ಗೆ "ಗೂಗಲ್‌ನಲ್ಲಿ ಫಸ್ಟ್ ಬರಿಸ್ತೀವಿ" ಎಂದು ಬಂದ ಏಜೆನ್ಸಿ ಮಾಡಿಟ್ಟ ಹಾನಿ ಇದು.

ಸರಸ್ವತಿಪುರಂ, ವಿಜಯನಗರ, ಹೆಬ್ಬಾಳ ಎಂದು 40 ಬಡಾವಣೆಗೆ ಸೆಂಟರ್‌ನ ವೆಬ್‌ಸೈಟಿನಲ್ಲಿ 40 ಪುಟ ಮಾಡಿದರು. ಬಡಾವಣೆಯ ಹೆಸರೊಂದು ಬಿಟ್ಟರೆ ಎಲ್ಲದರಲ್ಲೂ ಅದೇ ಮಾತು. ನಮ್ಮ ಸೈಟ್ ಗೂಗಲ್ ಹುಡುಕಾಟದಲ್ಲಿ ಹೇಗಿದೆ ಎಂದು ತೋರಿಸುವ ಗೂಗಲ್‌ನದೇ ಸರ್ಚ್ ಕನ್ಸೋಲ್ ತೆರೆದರೆ ಬಹುಪಾಲು ಪುಟಗಳ ಮುಂದೆ `Crawled - currently not indexed` ಎಂದಿತ್ತು. ಅಂದರೆ ಗೂಗಲ್ ಬಂದು ಓದಿದೆ, ಆದರೆ ಹುಡುಕಾಟಕ್ಕೆ ಸೇರಿಸಿಕೊಂಡಿಲ್ಲ. ಇಂಥ ಪುಟಗಳಿಗೆ ಗೂಗಲ್ ಡೋರ್‌ವೇ ಎನ್ನುತ್ತದೆ, ಸ್ಪ್ಯಾಮ್ ಎಂದೇ ಎಣಿಸುತ್ತದೆ. ಇಡೀ ಸೈಟ್ ಕೆಳಗಿಳಿಯುವ ಅಪಾಯವೂ ಇದೆ.

ಅಷ್ಟೇ ಅಲ್ಲ, ಗೂಗಲ್ ಮ್ಯಾಪ್ಸ್‌ನಲ್ಲಿ ಕಾಣುವ ಬಿಸಿನೆಸ್ ಪ್ರೊಫೈಲ್‌ನಲ್ಲಿ ಸೆಂಟರ್ ಹೆಸರಿಗೆ "ಬೆಸ್ಟ್ ಮ್ಯಾಥ್ಸ್ ಟ್ಯೂಷನ್ ಮೈಸೂರು" ಎಂದು ಬಾಲ ಅಂಟಿಸಿದರು. ಬೋರ್ಡಿನ ಮೇಲಿರುವ ಹೆಸರೇ ಅಲ್ಲಿರಬೇಕೆಂಬುದು ನಿಯಮ. ಪ್ರೊಫೈಲ್ ಸಸ್ಪೆಂಡ್ ಆಯಿತು, ಮ್ಯಾಪ್ಸ್ ನೋಡಿ ಬರುತ್ತಿದ್ದ ಕರೆಗಳು ನಿಂತವು.

ಸ್ಥಳೀಯ ಹುಡುಕಾಟದಲ್ಲಿ ಗೂಗಲ್ ನೋಡುವುದು ಮೂರು ಸಂಗತಿ: ಕೇಳಿದ್ದಕ್ಕೆ ನೀವು ಎಷ್ಟು ಹೊಂದುತ್ತೀರಿ, ಎಷ್ಟು ಹತ್ತಿರ ಇದ್ದೀರಿ, ಎಷ್ಟು ಪರಿಚಿತರು. ದೂರವನ್ನು ಯಾವ ಏಜೆನ್ಸಿಯೂ ಕಡಿಮೆ ಮಾಡಿಕೊಡಲಾರದು. ಹೆಬ್ಬಾಳದಲ್ಲಿ ಕೂತು ಹುಡುಕುವ ಪೋಷಕರಿಗೆ ಮೊದಲು ಕಾಣುವುದು ಸಾಮಾನ್ಯವಾಗಿ ಹೆಬ್ಬಾಳದ ಸೆಂಟರ್‌ಗಳೇ.

ಹೆಚ್ಚಾಗಿ ನಮ್ಮ ಕೈಯಲ್ಲಿರುವುದು ಮೊದಲನೆಯದು. ಪೋಷಕರು `10th maths tuition kuvempunagar` ಎಂದೇ ಟೈಪ್ ಮಾಡುತ್ತಾರೆ. ಇಂಥ ಕೀವರ್ಡ್‌ಗಳಿಗೆ ಸರ್ಚ್ ಕನ್ಸೋಲ್‌ನ `Performance` ವಿಭಾಗ ನೋಡಿ, ಫೋನಿನಲ್ಲಿ ಬರುವ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. `near me` ಎಂದು ಪುಟದಲ್ಲಿ ತುರುಕಬೇಕಿಲ್ಲ, ಹುಡುಕುವವರು ಎಲ್ಲಿದ್ದಾರೆಂದು ಗೂಗಲ್ಲೇ ಲೆಕ್ಕ ಹಾಕುತ್ತದೆ. ಪುಟದ ಕೋಡ್‌ನೊಳಗೆ, ಓದುಗರಿಗೆ ಕಾಣದ ಕಡೆ, ಮೆಟಾ ಕೀವರ್ಡ್ಸ್ ತುಂಬಿಸುತ್ತೇವೆಂದರೆ ಬೇಡ ಅನ್ನಿ. ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ.

ಆ ಸೆಂಟರ್‌ಗೆ ನಿಜವಾಗಿ ಬೇಕಿದ್ದದ್ದು ಒಂದು ಗಟ್ಟಿ ಪುಟ, ಅದಕ್ಕೆ ಇಂಥ ಟೈಟಲ್:

```
<title>SSLC Maths Tuition in Kuvempunagar, Mysuru</title>
```

ಒಳಗೆ ಸ್ಟೇಟ್ ಸಿಲಬಸ್ಸೋ ಸಿಬಿಎಸ್‌ಇಯೋ, ಕನ್ನಡ ಮಾಧ್ಯಮದ ಮಕ್ಕಳಿಗೂ ಇದೆಯೇ, ಒಂದು ಬ್ಯಾಚಿಗೆ ಎಷ್ಟು ಮಕ್ಕಳು, ಸಂಜೆ ಎಷ್ಟು ಗಂಟೆಗೆ, ಫೀಸು, ಪಾಠ ಮಾಡುವವರ ಓದು, ಯಾವ ಬಸ್ ಸ್ಟಾಪ್ ಹತ್ತಿರ, ಇಷ್ಟನ್ನೂ ಅಕ್ಷರದಲ್ಲೇ ಬರೆಯಬೇಕು. ಪಾಂಪ್ಲೆಟ್‌ನ ಫೋಟೋ ಹಾಕಿ ಸುಮ್ಮನಾದರೆ ಅದರೊಳಗಿನ ಮಾತು ಹುಡುಕಾಟದಲ್ಲಿ ಸಿಗುತ್ತದೆಂದು ನಂಬುವಂತಿಲ್ಲ. ಪಿಯುಸಿ ಫಿಸಿಕ್ಸ್‌ಗೆ ಮೇಷ್ಟ್ರು, ಫೀಸು, ಸಮಯ ಎಲ್ಲ ಬೇರೆಯಾದರೆ ಮಾತ್ರ ಇನ್ನೊಂದು ಪುಟ ಮಾಡಿ.

ಈಗಾಗಲೇ ಬಡಾವಣೆ ಪುಟಗಳಿದ್ದರೆ ತೆಗೆಸಿಬಿಡಿ. ಪ್ರೊಫೈಲ್ ಸಸ್ಪೆಂಡ್ ಆಗಿದ್ದರೆ ಹೆಸರನ್ನು ಬೋರ್ಡಿನಲ್ಲಿರುವಂತೆ ಸರಿಪಡಿಸಿ, ಆಮೇಲೆ ನೋಂದಣಿ ಪತ್ರ, ಕರೆಂಟ್ ಬಿಲ್ ಇಟ್ಟುಕೊಂಡು ಅಪೀಲ್ ಹಾಕಿ. ಯಾರಿಗೇ ಕೆಲಸ ಕೊಟ್ಟರೂ ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ಎರಡರಲ್ಲೂ ಓನರ್ ಆಗಿ ನಿಮ್ಮದೇ ಜಿಮೇಲ್ ಇರಲಿ, ಏಜೆನ್ಸಿಗೆ ಪ್ರೊಫೈಲ್‌ನಲ್ಲಿ ಮ್ಯಾನೇಜರ್, ಸರ್ಚ್ ಕನ್ಸೋಲ್‌ನಲ್ಲಿ ಯೂಸರ್ ಅನುಮತಿ ಕೊಟ್ಟರೆ ಸಾಕು.