ಫ್ಲಾಟ್ ಬುಕಿಂಗ್ ರದ್ದು ಮಾಡುವ ಪತ್ರದಲ್ಲಿ ‘ವೈಯಕ್ತಿಕ ಕಾರಣ’ ಅಂತ ಮಾತ್ರ ಬರೆಯಬೇಡಿ

ಎರಡು ಲಕ್ಷ ರೂಪಾಯಿ. ಎರಡು ವರ್ಷ ಚೀಟಿ ಕಟ್ಟಿ ಎತ್ತಿದ ದುಡ್ಡು. ಅದನ್ನು ಒಂದು ಭಾನುವಾರ ಮಧ್ಯಾಹ್ನ ಸೈಟ್ ಆಫೀಸಿನಲ್ಲಿ ಕೂತು ಫೋನಿನಿಂದಲೇ ಕಳಿಸಿಬಿಟ್ಟೆ. ಆಮೇಲೆ ಆ ಫ್ಲಾಟ್ ಬೇಡ ಅಂತ ನಾನು ಬರೆದ ನಾಲ್ಕು ಸಾಲಿನ ಪತ್ರವೇ ನನಗೆ ಮುಳುವಾಯಿತು. ಆ ಪತ್ರ ಬರೆಸಿದವರು ಬಿಲ್ಡರ್ ಕಡೆಯವರೇ. ಇದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಬುಕಿಂಗ್ ಹೇಗೆ ನಡೆಯುತ್ತದೆ ಅಂತ ನಿಮಗೆಲ್ಲ ಗೊತ್ತಿದೆ. ಇವತ್ತೇ ಮಾಡಿದರೆ ಈ ರೇಟು, ನಾಳೆ ಜಾಸ್ತಿ. ಹನ್ನೊಂದು ಪುಟದ ಅರ್ಜಿ, ಎಲ್ಲಿ ಬೆರಳು ಇಟ್ಟರೋ ಅಲ್ಲೆಲ್ಲ ಸಹಿ. ಮನೆ ಯಾವಾಗ ಸಿಗುತ್ತದೆ ಅಂತ ಕೇಳಿದ್ದಕ್ಕೆ ಬ್ರೋಷರ್‌ನ ಕೊನೇ ಪುಟ ತೋರಿಸಿದರು. ‘ಡಿಸೆಂಬರ್ 2026ಕ್ಕೆ ಕೀ ನಿಮ್ಮ ಕೈಯಲ್ಲಿ’ ಅಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಬಾಡಿಗೆ ಮತ್ತು ಸಾಲದ ಕಂತು ಎರಡನ್ನೂ ಎಷ್ಟು ತಿಂಗಳು ಕಟ್ಟಬೇಕು ಅನ್ನುವ ಲೆಕ್ಕ ಪೂರ್ತಿ ಆ ತಾರೀಕಿನ ಮೇಲೆಯೇ ನಿಂತಿತ್ತು.

ಹನ್ನೆರಡನೇ ದಿನ ನನ್ನ ಜೊತೆ ಕೆಲಸ ಮಾಡುವವರೊಬ್ಬರು, ರೇರಾ ವೆಬ್‌ಸೈಟಲ್ಲಿ ನೋಡಿದ್ದೀರಾ ಅಂದರು. ನೋಡಿರಲಿಲ್ಲ. ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ಅದು. rera.karnataka.gov.in ತೆರೆದು ಪ್ರಾಜೆಕ್ಟ್ ಹೆಸರು ಹಾಕಿದೆ. ಕೆಲಸ ಮುಗಿಸುವ ದಿನಾಂಕ ಅಂತ ಬಿಲ್ಡರ್ ತಾನೇ ಬರೆದುಕೊಟ್ಟಿದ್ದು ಜೂನ್ 2028. ಒಂದೂವರೆ ವರ್ಷದ ವ್ಯತ್ಯಾಸ! ನಮಗೆ ಒಂದು ತಾರೀಕು, ಸರ್ಕಾರಕ್ಕೆ ಇನ್ನೊಂದು.

ಫೋನ್ ಮಾಡಿದೆ. ಸೇಲ್ಸ್ ಹುಡುಗ ತಣ್ಣಗೆ ಹೇಳಿದ: “ಅದು ಸೇಫ್ಟಿಗೆ ಹಾಕಿರೋ ಡೇಟ್ ಮೇಡಂ, ಎಲ್ಲರೂ ಹಾಗೇ ಹಾಕ್ತಾರೆ.” ಹಾಗಾದರೆ 2026 ಅಂತ ಅಗ್ರಿಮೆಂಟಲ್ಲಿ ಬರೆದುಕೊಡಿ ಅಂದೆ. “ಅದು ಆಗಲ್ಲ ಮೇಡಂ, ಲೀಗಲ್‌ನವರು ಒಪ್ಪಲ್ಲ.” ಆಯಿತು, ಬುಕಿಂಗ್ ರದ್ದು ಮಾಡಿ, ದುಡ್ಡು ವಾಪಸ್ ಕೊಡಿ ಅಂದೆ. ಅವನು ಜಗಳಕ್ಕೇ ಬರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

“ಒಂದು ಲೆಟರ್ ಕೊಟ್ಬಿಡಿ ಮೇಡಂ, ಫಾರ್ಮ್ಯಾಟ್ ನಾನೇ ಕಳಿಸ್ತೀನಿ. ಕಾರಣ ಪರ್ಸನಲ್ ಅಂತ ಇದ್ರೆ ಬೇಗ ಪಾಸ್ ಆಗುತ್ತೆ. ಡೇಟ್ ವಿಷಯ ಬರೆದ್ರೆ ಲೀಗಲ್‌ಗೆ ಹೋಗುತ್ತೆ, ಸುಮ್ನೆ ತಡ ಆಗುತ್ತೆ.”

ವಾಟ್ಸಾಪಲ್ಲಿ ಬಂದಿದ್ದನ್ನು ಹಾಗೇ ಬರೆದೆ. “ನನ್ನ ವೈಯಕ್ತಿಕ ಕಾರಣಗಳಿಂದ ಬುಕಿಂಗನ್ನು ಸ್ವಇಚ್ಛೆಯಿಂದ ರದ್ದುಪಡಿಸುತ್ತಿದ್ದೇನೆ. ದಯವಿಟ್ಟು ಹಣ ಮರಳಿಸಬೇಕೆಂದು ಕೋರುತ್ತೇನೆ.” ಸಹಿ ಹಾಕಿ ಕೊಟ್ಟೆ. ರಸೀದಿಯ ಅಸಲು ಪ್ರತಿಯನ್ನೂ ಕೇಳಿ ಇಸಿದುಕೊಂಡರು. ಪುಣ್ಯಕ್ಕೆ ಅದರ ಫೋಟೋ ನನ್ನ ಫೋನಲ್ಲಿತ್ತು.

ಮೂರು ವಾರ ಅಕೌಂಟ್ಸ್‌ಗೆ ಹೋಗಿದೆ, ಸಹಿಗೆ ಹೋಗಿದೆ ಅಂತ ಕಥೆ ಕೇಳಿದೆ. ಆಮೇಲೆ ಒಂದು ಈಮೇಲ್ ಬಂತು. ನೀವು ವೈಯಕ್ತಿಕ ಕಾರಣಕ್ಕೆ ಸ್ವಇಚ್ಛೆಯಿಂದ ಹಿಂದೆ ಸರಿದಿರುವುದರಿಂದ, ಅರ್ಜಿಯ ಎಂಟನೇ ಷರತ್ತಿನಂತೆ ಬುಕಿಂಗ್ ಹಣ ಪೂರ್ತಿ ಮುಟ್ಟುಗೋಲು. ವೈಯಕ್ತಿಕ, ಸ್ವಇಚ್ಛೆ. ಅವನು ನನಗೆ ಕಳಿಸಿದ ಅದೇ ಎರಡು ಪದ! ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನನ್ನ ಕೈಯಿಂದಲೇ ಬರೆಸಿಕೊಂಡು ನನಗೇ ತಿರುಗಿಸಿ ಕಳಿಸಿದ್ದರು. ಮನೆಯಲ್ಲಿ ಎರಡು ದಿನ ಹೇಳಲಿಲ್ಲ. ಅಪ್ಪನ ಮುಖ ನೋಡುವುದಕ್ಕೆ ಆಗುತ್ತಿರಲಿಲ್ಲ. ಹುಡುಗನಿಗೆ ಫೋನ್ ಮಾಡಿದರೆ, “ಕಂಪನಿ ಪಾಲಿಸಿ ಮೇಡಂ, ನನ್ನ ಕೈಲಿಲ್ಲ” ಅಂದ.

ಪರಿಚಯದ ವಕೀಲರೊಬ್ಬರು ವಿಷಯ ಬಿಡಿಸಿ ಹೇಳಿದರು. ಬಿಲ್ಡರ್ ತಪ್ಪೇನೂ ಇಲ್ಲದೆ ನಾವೇ ಮನಸ್ಸು ಬದಲಾಯಿಸಿದರೆ ಬುಕಿಂಗ್ ಹಣ ಇಟ್ಟುಕೊಳ್ಳಲು ಅವರಿಗೆ ಅವಕಾಶ ಇದೆ. ರೇರಾದ ಮಾದರಿ ಒಪ್ಪಂದದಲ್ಲೇ ಹಾಗಿದೆ. ಆದರೆ ಜಾಹೀರಾತಿನಲ್ಲೋ ಬ್ರೋಷರ್‌ನಲ್ಲೋ ಸುಳ್ಳು ಮಾಹಿತಿ ಕೊಟ್ಟು, ಅದನ್ನು ನಂಬಿ ದುಡ್ಡು ಕಟ್ಟಿ ನಷ್ಟವಾದವರು ಹಿಂದೆ ಸರಿದರೆ, 2016ರ ರೇರಾ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಪೂರ್ತಿ ಹಣವನ್ನು ಬಡ್ಡಿ ಸಮೇತ ಕೊಡಬೇಕು. ಅಂದರೆ ಪತ್ರದಲ್ಲಿ ಕಾರಣ ಬರೆಯುವ ಆ ಒಂದು ಸಾಲಿನ ಮೇಲೆಯೇ ಎಲ್ಲ ನಿಂತಿರುತ್ತದೆ. ಅದು ಅವರಿಗೆ ಚೆನ್ನಾಗಿ ಗೊತ್ತು. ನನಗೆ ಗೊತ್ತಿರಲಿಲ್ಲ.

ಎರಡನೇ ಪತ್ರ ಕೂತು ಬರೆದೆ. ಈ ಸಲ ‘ಕೋರುತ್ತೇನೆ’ ಇಲ್ಲ. ಮೇಲೆ ಅರ್ಜಿ ಸಂಖ್ಯೆ, ಫ್ಲಾಟ್ ನಂಬರ್, ದುಡ್ಡು ಕಳಿಸಿದ ದಿನ, ಬ್ಯಾಂಕಿನ ಯುಟಿಆರ್ ನಂಬರ್. ನಡುವಿನ ಭಾಗ ಹೀಗಿತ್ತು:

“ನಿಮ್ಮ ಬ್ರೋಷರ್‌ನ ಕೊನೆಯ ಪುಟದಲ್ಲಿ ಮನೆ ಹಸ್ತಾಂತರ ಡಿಸೆಂಬರ್ 2026 ಎಂದಿದೆ. ಅದನ್ನು ನಂಬಿ ನಾನು ಎರಡು ಲಕ್ಷ ರೂಪಾಯಿ ಪಾವತಿಸಿದೆ. ರೇರಾ ನೋಂದಣಿಯಲ್ಲಿ ನೀವು ಘೋಷಿಸಿರುವುದು ಜೂನ್ 2028. ಬುಕಿಂಗ್ ರದ್ದು ಮಾಡಲು ಇದೇ ಕಾರಣ. ಮೊದಲ ಪತ್ರದ ‘ವೈಯಕ್ತಿಕ ಕಾರಣ’ ಎಂಬ ಮಾತು ನಿಮ್ಮ ಸಿಬ್ಬಂದಿ ಬರೆದುಕೊಟ್ಟದ್ದು. ಅವರ ಸಂದೇಶದ ಪ್ರತಿ ಲಗತ್ತಿಸಿದ್ದೇನೆ. ಆ ಮಾತನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಸೆಕ್ಷನ್ 12ರಂತೆ ಪೂರ್ತಿ ಹಣವನ್ನು ಬಡ್ಡಿ ಸಹಿತ 15 ದಿನಗಳೊಳಗೆ, ಹಣ ಬಂದ ಖಾತೆಗೇ ಜಮಾ ಮಾಡಿ. ತಪ್ಪಿದರೆ ರೇರಾ ಪ್ರಾಧಿಕಾರಕ್ಕೆ ದೂರು ಕೊಡುತ್ತೇನೆ.”

ಬ್ರೋಷರ್ ಪುಟ, ವೆಬ್‌ಸೈಟಿನ ಪ್ರಿಂಟ್, ರಸೀದಿಯ ಫೋಟೋ, ವಾಟ್ಸಾಪ್ ಚಾಟ್, ಎಲ್ಲ ಜೊತೆಗಿಟ್ಟೆ. ಸೈಟ್ ಆಫೀಸಿಗೆ ಕೊಡಲಿಲ್ಲ. ರೇರಾ ಪುಟದಲ್ಲೇ ಕಂಪನಿಯ ನೋಂದಾಯಿತ ವಿಳಾಸ ಇತ್ತು, ಅಲ್ಲಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ, ಅದನ್ನೇ ಈಮೇಲಲ್ಲೂ ಕಳಿಸಿದೆ.

ಹನ್ನೊಂದನೇ ದಿನ ಫೋನ್ ಬಂತು. ಈ ಸಲ ಬೇರೆ ದನಿ, ಬಲು ಮರ್ಯಾದೆ. “ಯಾಕೆ ಮೇಡಂ ಇಷ್ಟು ದೂರ ಹೋಗ್ತೀರಾ, ಒಂದು ಲಕ್ಷ ಈ ವಾರವೇ ಹಾಕಿಸ್ತೀನಿ. ಉಳಿದಿದ್ದು ಫ್ಲಾಟ್ ಮತ್ತೆ ಮಾರಾಟ ಆದಮೇಲೆ.” ಮಾರಾಟ ಆಗದಿದ್ದರೆ? ಅದಕ್ಕೆ ಉತ್ತರ ಇಲ್ಲ. ಹೇಳುವುದನ್ನು ಈಮೇಲಲ್ಲಿ ಬರೆದು ಕಳಿಸಿ ಅಂದೆ. ಬರೆಯಲಿಲ್ಲ.

ಇನ್ನೂ ಒಂಬತ್ತು ದಿನ ಕಳೆದ ಮೇಲೆ 1,90,476 ರೂಪಾಯಿ ಜಮಾ ಆಯಿತು. ಉಳಿದ 9,524 ರೂಪಾಯಿ ಶೇಕಡ 5ರ ಜಿಎಸ್‌ಟಿಯಂತೆ. “ಸರ್ಕಾರಕ್ಕೆ ಕಟ್ಟಿ ಆಗಿದೆ ಮೇಡಂ, ವಾಪಸ್ ಬರಲ್ಲ.” ಇದೂ ಸುಳ್ಳು. ಬುಕಿಂಗ್ ರದ್ದಾದರೆ ಅವರು ಕ್ರೆಡಿಟ್ ನೋಟ್ ಮಾಡಿ ಆ ತೆರಿಗೆಯನ್ನು ತಮ್ಮ ಲೆಕ್ಕದಲ್ಲಿ ಸರಿಮಾಡಿಕೊಂಡು ನಮಗೆ ಕೊಡಬಹುದು. ಅದಕ್ಕೆ ಆ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30ರವರೆಗೆ ಸಮಯ ಇರುತ್ತದೆ. ಇದನ್ನೂ ಬರೆದು ಕಳಿಸಿದ್ದೇನೆ. ಬಡ್ಡಿಯ ಬಗ್ಗೆ ಅವರು ಒಂದು ಮಾತೂ ಆಡಿಲ್ಲ.

ಯಾರಾದರೂ ಇದೇ ಹಂತದಲ್ಲಿದ್ದರೆ, ಅವರು ಕೊಟ್ಟ ಫಾರ್ಮ್ಯಾಟಿಗೆ ಸಹಿ ಹಾಕಬೇಡಿ. ನಿಜವಾದ ಕಾರಣವನ್ನು ನಿಮ್ಮ ಮಾತಲ್ಲೇ ಮೊದಲ ಪತ್ರದಲ್ಲೇ ಬರೆಯಿರಿ. ಅಸಲು ರಸೀದಿ ದುಡ್ಡು ಕೈಗೆ ಬರುವವರೆಗೆ ಕೊಡಬೇಡಿ, ಬ್ರೋಷರ್ ಎಸೆಯಬೇಡಿ. ನನ್ನ ಹತ್ತಿರ ಆ ಬ್ರೋಷರ್ ಮತ್ತು ಆ ಹುಡುಗನ ಮೆಸೇಜ್ ಇಲ್ಲದಿದ್ದರೆ ಒಂದು ರೂಪಾಯಿಯೂ ಬರುತ್ತಿರಲಿಲ್ಲ. ನನ್ನ 9,524 ರೂಪಾಯಿ ಮತ್ತು ಬಡ್ಡಿಗೆ ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆ. ಬರದಿದ್ದರೆ ರೇರಾದಲ್ಲಿ ದೂರು ಹಾಕುತ್ತೇನೆ, ಕಾಗದ ಎಲ್ಲ ಜೋಡಿಸಿಟ್ಟಿದ್ದೇನೆ.