ಪುಣೆಯಲ್ಲಿ "ಫುಲ್ ಚಾರ್ಜ್ ಇದೆ ಸರ್" ಅಂತ ಲಿಪೊ ಪ್ಯಾಕ್ ಕೊಟ್ಟರೆ ಅಲ್ಲೇ ಇಟ್ಟು ಬನ್ನಿ

ಆರ್‌ಸಿ ವಿಮಾನ, ಕಾರು ಓಡಿಸೋರು ದಯವಿಟ್ಟು ಪೂರ್ತಿ ಓದಿ. ಪುಣೆಯ ಒಂದು ಹಾಬಿ ಅಂಗಡಿ, ಹೆಸರು ಹೇಳಲ್ಲ. 3 ಸೆಲ್ಲಿನ 2200 ಎಂಎಎಚ್ ಲಿಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ ಪ್ಯಾಕ್, ಹೊಸದು ಅಂತಲೇ ಕೊಟ್ಟರು, ಹೊಸದರ ಬೆಲೆಯೇ ತಗೊಂಡರು. ಮೂರೇ ಮೂರು ಸಲ ಹಾರಿಸಿದ್ದು. ಈಗ ಅದು ಬಾಲ್ಕನಿಯಲ್ಲಿ ಮರಳು ತುಂಬಿದ ಬಕೆಟ್ಟಿನಲ್ಲಿ ಬಿದ್ದಿದೆ.

ಕೌಂಟರಿನಲ್ಲಿ ಹುಡುಗ ಮೀಟರ್ ಹಿಡಿದು ತೋರಿಸಿದ: 12.41 ವೋಲ್ಟ್. "ಫುಲ್ ಚಾರ್ಜ್ ಇದೆ ಸರ್, ನೇರ ಗ್ರೌಂಡಿಗೆ ಹೋಗಿ." ತಪ್ಪಾಗಿದ್ದು ಅಲ್ಲೇ. ಫ್ಯಾಕ್ಟರಿಯಿಂದ ಬರುವ ಲಿಪೊ ಫುಲ್ ಚಾರ್ಜ್ ಆಗಿ ಬರಲ್ಲ. ಒಂದೊಂದು ಸೆಲ್ 3.8 ವೋಲ್ಟ್ ಆಸುಪಾಸಿನಲ್ಲಿ ಇರುತ್ತೆ, ಮೂರೂ ಸೇರಿ ಸುಮಾರು 11.4, 11.5. ಪೊಟ್ಟಣದಿಂದ ತೆಗೆದ ಪ್ಯಾಕ್ 12.4 ತೋರಿಸ್ತಿದೆ ಅಂದರೆ ಯಾರೋ ಚಾರ್ಜ್ ಮಾಡಿದ್ದಾರೆ, ಮಾಡಿ ಶೋಕೇಸಿನಲ್ಲಿ ಇಟ್ಟಿದ್ದಾರೆ. ಎಷ್ಟು ವಾರ ಇಟ್ಟಿದ್ದಾರೋ ಅವರೇ ಹೇಳಬೇಕು. ಇದೆಲ್ಲ ಗೊತ್ತಿದ್ದೂ ಆ ಹೊತ್ತಿಗೆ ಬಾಯಿ ಬರಲಿಲ್ಲ. ಹಣ ಕೊಟ್ಟು ಬಂದೆ.

ಮನೆಗೆ ಬಂದು ಒಂದೊಂದು ಸೆಲ್ಲಿಗೂ ಬೇರೆಯಾಗಿ ಹೋಗುವ ಬ್ಯಾಲೆನ್ಸ್ ವೈರಿಗೆ ಸೆಲ್ ಚೆಕರ್ ಸಿಕ್ಕಿಸಿದಾಗ ನಿಜ ಕಾಣಿಸಿತು. 4.19, 4.20, 4.02. ಕೂಡಿಸಿ ನೋಡಿ, ಅದೇ 12.41. ದಪ್ಪ ವೈರಿನ ಮೇಲೆ ಮೀಟರ್ ಹಿಡಿದರೆ ಒಟ್ಟು ಮಾತ್ರ ಸಿಗುತ್ತೆ, ಯಾವ ಸೆಲ್ ಕುಂಟುತ್ತಿದೆ ಅನ್ನೋದು ಸಿಗಲ್ಲ. ಒಳ್ಳೆಯ ಹೊಸ ಪ್ಯಾಕಿನಲ್ಲಿ ಸೆಲ್ಲುಗಳ ನಡುವೆ 0.01, ಹೆಚ್ಚೆಂದರೆ 0.02 ವೋಲ್ಟ್ ವ್ಯತ್ಯಾಸ. ಇಲ್ಲಿ 0.18! ಚಾರ್ಜರಿನಲ್ಲಿ ಒಳರೋಧ ನೋಡಿದೆ: 6, 7, ಮೂರನೆಯದು 19 ಮಿಲಿಓಮ್. ಒಂದೇ ಪ್ಯಾಕಿನ ಅಕ್ಕಪಕ್ಕದ ಸೆಲ್ಲುಗಳಲ್ಲಿ ಮೂರು ಪಟ್ಟು ವ್ಯತ್ಯಾಸ!

ಫೋನ್ ಮಾಡಿದೆ. ಉತ್ತರ ಕೇಳಿ: "ಹೊಸ ಪ್ಯಾಕ್ ಸರ್, ಎರಡು ಮೂರು ಸೈಕಲ್ ಆದ್ಮೇಲೆ ಸೆಟ್ ಆಗುತ್ತೆ. ಬ್ಯಾಲೆನ್ಸ್ ಚಾರ್ಜ್ ಮಾಡಿ, ಸರಿಹೋಗುತ್ತೆ."

ಈ ಮಾತನ್ನು ನಂಬಿದೆನಲ್ಲ, ಅದಕ್ಕೇ ಹೊಟ್ಟೆ ಉರಿಯೋದು. ಬ್ಯಾಲೆನ್ಸ್ ಚಾರ್ಜ್ ಸೆಲ್ಲನ್ನು ರಿಪೇರಿ ಮಾಡಲ್ಲ. ಅದು ಮಾಡೋದು ಇಷ್ಟೇ: ದಪ್ಪ ವೈರಿನಿಂದ ಮೂರೂ ಸೆಲ್ಲಿಗೆ ಒಟ್ಟಿಗೆ ಕರೆಂಟ್ ಹೋಗುತ್ತೆ, ಸಣ್ಣ ಬಿಳಿ ಕನೆಕ್ಟರಿನಿಂದ ಚಾರ್ಜರ್ ಒಂದೊಂದು ಸೆಲ್ಲನ್ನೂ ಅಳೆಯುತ್ತೆ, ಪೂರ್ತಿ ತುಂಬಿ 4.20 ಮುಟ್ಟಿದ ಸೆಲ್ಲಿನಿಂದ ಸ್ವಲ್ಪ ಸ್ವಲ್ಪ ಕರೆಂಟ್ ಸುಟ್ಟು ಹಿಂದೆ ಬಿದ್ದದ್ದಕ್ಕೆ ಕಾಯುತ್ತೆ. ಆ ಸುಡುವ ಶಕ್ತಿ ಸಣ್ಣ ಚಾರ್ಜರುಗಳಲ್ಲಿ 0.2, 0.3 ಆಂಪಿಯರ್ ಅಷ್ಟೇ. ಹಾಗಾಗಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಿದ್ದ ಈ ಪ್ಯಾಕ್ ಕೊನೆಯ ಚೂರಿಗೆ ಒಂದೂವರೆ ಗಂಟೆ ಹಿಡಿಯಿತು. ರಾತ್ರಿ ಮೂರೂ 4.20. ಬೆಳಿಗ್ಗೆ ನೋಡಿದರೆ 4.19, 4.19, 4.10. ಏನೂ ಜೋಡಿಸದೆ ಮೇಜಿನ ಮೇಲೆ ಬಿದ್ದಿದ್ದ ಸೆಲ್ಲಿನಿಂದ ಚಾರ್ಜ್ ತಾನಾಗಿ ಸೋರುತ್ತಿದೆ. ಬರೀ ಬ್ಯಾಲೆನ್ಸ್ ತಪ್ಪಿದ ಸೆಲ್ ಆಗಿದ್ದರೆ ಒಮ್ಮೆ ಸಮ ಮಾಡಿದ ಮೇಲೆ ಸಮವಾಗೇ ಇರುತ್ತಿತ್ತು. ಇದು ಸತ್ತ ಸೆಲ್.

ಆದರೂ "ಮೂರು ಸೈಕಲ್" ಅಂದಿದ್ದಾರಲ್ಲ ಅಂತ ಮೂರು ಸಲ ಹಾರಿಸಿದೆ. ಬ್ಯಾಲೆನ್ಸ್ ವೈರಿಗೆ 3.5 ವೋಲ್ಟಿಗೆ ಕೂಗುವ ಬಜರ್ ಇತ್ತು, ಮೂರನೇ ಸಲ ಮೂರು ನಿಮಿಷಕ್ಕೇ ಕೂಗಿತು. ಇಳಿಸಿ ನೋಡಿದರೆ 3.82, 3.83, 3.38. ಒಟ್ಟು 11.03, ಕೇಳಿದವರಿಗೆ ಆರೋಗ್ಯವಾದ ಅಂಕಿ. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ ಬ್ಯಾಟರಿ ಇಳಿದಾಗ ಮೋಟಾರ್ ನಿಲ್ಲಿಸುತ್ತೆ ನಿಜ, ಆದರೆ ಆ ಕಟಾಫ್ ಸಾಮಾನ್ಯವಾಗಿ ಒಟ್ಟು ವೋಲ್ಟೇಜ್ ಮಾತ್ರ ನೋಡುತ್ತೆ. 9.6ಕ್ಕೆ ಸೆಟ್ ಮಾಡಿದ್ದರೆ ಅದು ಸುಮ್ಮನೇ ಇರುತ್ತಿತ್ತು, ಮೂರನೇ ಸೆಲ್ ಮೂರು ವೋಲ್ಟಿನ ಕೆಳಗೆ ಇಳಿದು ಹೋಗಿರುತ್ತಿತ್ತು. ಬಜರ್ ಇಲ್ಲದೆ ಹಾರಿಸೋರು ಇದನ್ನು ಎರಡು ಸಲ ಓದಿ.

ಮಾರನೇ ದಿನ ಪ್ಯಾಕ್ ಉಬ್ಬಿತ್ತು. ಬಲೂನಿನಂತೆ ಅಲ್ಲ, ಕಣ್ಣಿಗೆ ಮೊದಲು ಕಾಣೋದೂ ಇಲ್ಲ. ಮೇಜಿನ ಗಾಜಿನ ಮೇಲೆ ಇಟ್ಟು ಮೂಲೆ ಒತ್ತಿದರೆ ತೊಟ್ಟಿಲಿನ ಹಾಗೆ ತೂಗಿತು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಡೋಲಿನ ಚರ್ಮದಂತೆ ಬಿಗಿಯಾಗಿತ್ತು, ಸ್ಟಿಕರಿನ ಸುಕ್ಕು ಮಾಯ. ವರ್ನಿಯರ್ ಹಿಡಿದರೆ ಅಂಚಿನಲ್ಲಿ 24 ಮಿ.ಮೀ., ನಡುವೆ 27.5. ಹಾರಿಸಿ ಇಳಿಸಿದಾಗ ಬಿಸಿಗೆ ಕೂದಲೆಳೆಯಷ್ಟು ಉಬ್ಬಿ, ತಣ್ಣಗಾದ ಮೇಲೆ ಚಪ್ಪಟೆಯಾಗೋದು ಬೇರೆ. ಪೂರ್ತಿ ತಣ್ಣಗಾದ ಮೇಲೂ ಉಳಿದ ಉಬ್ಬು ಗ್ಯಾಸ್. ನೇಲ್ ಪಾಲಿಶ್ ಅಳಿಸುವ ದ್ರವದಂಥ ಸಿಹಿ ವಾಸನೆ ಬಂದರೆ ಚೀಲವೇ ಬಿರಿದಿದೆ, ಆಗ ಮನೆಯೊಳಗೆ ಇಡಲೇಬೇಡಿ.

ಅಂಗಡಿಗೆ ಹೋದೆ. ಮಾಲೀಕ ಕೈಯಲ್ಲಿ ಹಿಡಿದು ಒತ್ತಿ ನೋಡಿ, "ಥೋಡಂ ಫುಗತಂಚ್ ಸಾಹೇಬ್, ಕಾಯ್ ಹೋತ್ ನಾಹಿ" ಅಂದ. ಸ್ವಲ್ಪ ಉಬ್ಬೋದೇ ಅಂತೆ, ಏನೂ ಆಗಲ್ಲವಂತೆ. ಅಂಕಿಗಳ ಫೋಟೋ ತೋರಿಸಿದೆ. "ನಿಮ್ಮ ಚಾರ್ಜರ್ ಕೆಟ್ಟಿದೆ." ಅದೇ ಚಾರ್ಜರಿನಲ್ಲಿ ಬೇರೆ ನಾಲ್ಕು ಪ್ಯಾಕ್ ಸರಿಯಾಗಿವೆ ಅಂದೆ. "ಬ್ಯಾಟರಿಗೆ ವಾರಂಟಿ ಇರಲ್ಲ." ಕೊನೆಗೆ ಹುಡುಗ ಹೇಳಿದ್ದು ಕೇಳಿ ಕೈ ನಡುಗಿತು: "ಸೂಜಿ ಚುಚ್ಚಿ ಗ್ಯಾಸ್ ಬಿಟ್ಟು ಟೇಪ್ ಹಾಕಿ." ಯಾರೂ, ಯಾವತ್ತೂ ಇದನ್ನು ಮಾಡಬೇಡಿ. ಒಳಗೆ ಹಾಳೆಗಳು ಒಂದರ ಮೇಲೊಂದು, ನಡುವೆ ತೆಳು ಪ್ಲಾಸ್ಟಿಕ್ ಪರದೆ. ಸೂಜಿ ಎರಡು ಹಾಳೆ ಮುಟ್ಟಿಸಿತೋ, ಶಾರ್ಟ್. ಸುತ್ತ ಇರೋದು ಉರಿಯುವ ದ್ರವ.

ಉಬ್ಬಲು ಕಾರಣ ಆ ಶೋಕೇಸೇ ಅಂತ ನನ್ನ ನಂಬಿಕೆ. 4.2 ವೋಲ್ಟಿನಲ್ಲಿ ಸೆಲ್ಲಿನ ಒಳಗಿನ ದ್ರವ ನಿಧಾನವಾಗಿ ಒಡೆದು ಗ್ಯಾಸ್ ಆಗುತ್ತಲೇ ಇರುತ್ತೆ, ಬಿಸಿ ಹೆಚ್ಚಾದಷ್ಟೂ ಬೇಗ. ಪುಣೆಯ ಏಪ್ರಿಲ್ ಮೇ ಬಿಸಿಲು, ಗಾಜಿನ ಹಿಂದೆ, ತುಂಬಿದ ಪ್ಯಾಕ್. ಅದರಲ್ಲೂ ದುರ್ಬಲ ಸೆಲ್ ಮೊದಲು ಹೋಗುತ್ತೆ. ಎರಡು ಮೂರು ದಿನದೊಳಗೆ ಹಾರಿಸೋದಿಲ್ಲ ಅಂದರೆ ಚಾರ್ಜರಿನಲ್ಲಿ `STORAGE` ಆರಿಸಿ, ಸೆಲ್ಲಿಗೆ 3.80ರಿಂದ 3.85ಕ್ಕೆ ತನ್ನಿ. ಮಳೆ ಬಂದು ಹಾರಿಸೋದು ರದ್ದಾದ ಭಾನುವಾರ ಸಂಜೆಯೇ ಇದನ್ನು ಮಾಡಿ. ಸಣ್ಣ ಚಾರ್ಜರ್ ಇಳಿಸೋದು ನಿಧಾನ, ಗಂಟೆಗಟ್ಟಲೆ ಹಿಡಿಯುತ್ತೆ, ಅದಕ್ಕೇ ಎಲ್ಲರೂ ನಾಳೆ ಅಂತ ಬಿಡೋದು.

ಉಬ್ಬಿದ್ದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ಹೊರಗೆ, ಮರಳಿನ ಮೇಲೆ ಇಟ್ಟು 12 ವೋಲ್ಟಿನ 5 ವ್ಯಾಟ್ ಕಾರ್ ಬಲ್ಬ್ ಜೋಡಿಸಿ, ಬಲ್ಬ್ ಪೂರ್ತಿ ಆರಿ ಸೆಲ್ಲುಗಳು ಸೊನ್ನೆಗೆ ಬರೋವರೆಗೆ ಬಿಡಿ, ಆಮೇಲೆ ಇ-ವೇಸ್ಟ್ ತಗೊಳ್ಳೋರಿಗೆ ಕೊಡಿ. ಬೆಳಗಿನ ಕಸದ ಗಾಡಿಗೆ ಹಾಕಬೇಡಿ, ಕಸ ಒತ್ತುವ ಗಾಡಿಯಲ್ಲಿ ಪ್ಯಾಕ್ ಜಜ್ಜಿಹೋಗಬಹುದು, ಅಲ್ಲಿ ಕೆಲಸ ಮಾಡೋ ಜನ ಇರ್ತಾರೆ. ಉಪ್ಪುನೀರಿನ ಬಕೆಟ್ ನಂಬಬೇಡಿ, ತುದಿಗಳು ತುಕ್ಕು ಹಿಡಿದು ಕಡಿದು ಹೋಗಬಹುದು, ಸೆಲ್ಲಿನಲ್ಲಿ ಚಾರ್ಜ್ ಹಾಗೇ ಉಳಿದಿರಬಹುದು.

ಕೊಳ್ಳೋಕೆ ಹೋಗುವಾಗ ಜೇಬಿನಲ್ಲಿ ಸೆಲ್ ಚೆಕರ್ ಇರಲಿ. ಹಣ ಕೊಡೋ ಮೊದಲು ಅವರ ಎದುರೇ ಬ್ಯಾಲೆನ್ಸ್ ವೈರಿಗೆ ಸಿಕ್ಕಿಸಿ, ಗಾಜಿನ ಕೌಂಟರ್ ಮೇಲೆ ಪ್ಯಾಕ್ ಇಟ್ಟು ಮೂಲೆ ಒತ್ತಿ. 4.1 ಏನೋ ಬಂತು ಅಂದರೆ ವಾಪಸ್ ಕೊಡಿ. ಮೊನ್ನೆ ಆ ದಾರಿಯಲ್ಲಿ ಹೋದಾಗ ನೋಡಿದೆ, ಅದೇ ಸ್ಟಿಕರಿನ ಇನ್ನೂ ಆರು ಪ್ಯಾಕ್ ಅದೇ ಬಿಸಿಲಿನ ಶೋಕೇಸಿನಲ್ಲಿ ನಿಂತಿವೆ.