240 ನಂಬರ್ ಗೋಡಂಬಿ ಅಂತ ಟಿನ್‌ಗಟ್ಟಲೆ ತರೋ ಮುಂಚೆ ಇದನ್ನ ಓದಿ

ಹಬ್ಬ, ಗೃಹಪ್ರವೇಶ, ಮದುವೆ ಅಂತ ಹೋಲ್‌ಸೇಲ್ ಅಂಗಡಿಯಲ್ಲಿ ಗೋಡಂಬಿ ತರೋರು ಜೋಪಾನ. ಬೆಂಗಳೂರಿನ ಒಂದು ಸಗಟು ಅಂಗಡಿಯಲ್ಲಿ ನಮಗೆ ಹತ್ತು ಕಿಲೋದ ಟಿನ್‌ನಲ್ಲಿ ಟೋಪಿ ಬಿತ್ತು. ಹೇಗೆ ಅಂತ ಲೆಕ್ಕದ ಸಮೇತ ಹೇಳ್ತೀನಿ.

ಮೊದಲು ಈ ನಂಬರ್ ವಿಷಯ. ಗೋಡಂಬಿಗೆ ಡಬ್ಲ್ಯು 180, 210, 240, 320, 450 ಅಂತ ಗ್ರೇಡ್ ಇರುತ್ತೆ, ಡಬ್ಲ್ಯು ಅಂದ್ರೆ ಬಿಳಿ ಬಣ್ಣದ ಇಡೀ ಬೀಜ. ಒಂದು ಪೌಂಡಿಗೆ, ಅಂದ್ರೆ 454 ಗ್ರಾಮಿಗೆ, ಹೆಚ್ಚೆಂದರೆ ಎಷ್ಟು ಇಡೀ ಬೀಜ ತೂಗುತ್ತೆ ಅನ್ನೋದೇ ಆ ನಂಬರ್. ಹಾಗಾಗಿ ನಂಬರ್ ಸಣ್ಣದಾದಷ್ಟೂ ಬೀಜ ದಪ್ಪ, ರೇಟೂ ಜಾಸ್ತಿ. ಮನೆಯ ತಕ್ಕಡಿಯಲ್ಲೇ ಪರೀಕ್ಷೆ ಮಾಡಬಹುದು: ನೂರು ಗ್ರಾಂ ತೂಗಿ ಎಣಿಸಿ. 240 ಆದರೆ 48ರಿಂದ 53 ಬೀಜ ಬರಬೇಕು, 320 ಆದರೆ 66ರಿಂದ 70.

ನಮಗೆ ಅಂಗಡಿಯವರು ಹೇಳಿದ್ದು 240. "ಬಿಡಿಯಾಗಿ ತಗೊಂಡ್ರೆ ಕಿಲೋಗೆ 1,060 ಸಾರ್, ಟಿನ್ ಎತ್ತಿದ್ರೆ 980ಕ್ಕೆ ಕೊಡ್ತೀನಿ" ಅಂದರು. ಕಿಲೋಗೆ 80 ರೂಪಾಯಿ, ಹತ್ತು ಕಿಲೋಗೆ 800 ಉಳಿತಾಯ. ಕೌಂಟರ್ ಮೇಲಿದ್ದ ಬಟ್ಟಲಿನಿಂದ ಸ್ಯಾಂಪಲ್ ಕೊಟ್ಟರು, ಅದು ನಿಜಕ್ಕೂ ದಪ್ಪ, ಬೆಳ್ಳಗೆ, ಗರಿಗರಿ. ಆಮೇಲೆ ಒಳಗಿಂದ ಹುಡುಗ ತಂದಿದ್ದು ಆಗಲೇ ಬಾಯಿ ಕತ್ತರಿಸಿದ್ದ ಟಿನ್. "ಹೊರೋಕೆ ಸುಲಭ ಆಗಲಿ" ಅಂತ ಅದನ್ನ ಪ್ಲಾಸ್ಟಿಕ್ ಕವರಿಗೆ ಸುರಿದು ಕೊಟ್ಟ. ಪ್ಯಾಕ್ ಮಾಡಿದ ತಾರೀಖು, ಗ್ರೇಡ್ ಎಲ್ಲ ಟಿನ್ ಜೊತೆ ಅಂಗಡಿಯಲ್ಲೇ ಉಳೀತು.

ಮನೇಲಿ ತೂಗಿದಾಗ ನೂರು ಗ್ರಾಮಿಗೆ 67 ಬೀಜ. ಮೇಲೊಂದು ಪದರ ಮಾತ್ರ ದಪ್ಪನೆಯದು, ಕೆಳಗೆಲ್ಲ 320. ಅದೇ ಬೀದಿಯಲ್ಲಿ ಆಗ 320 ಬಿಡಿಯಾಗಿ 920ಕ್ಕೆ ಸಿಗ್ತಿತ್ತು. ಅಲ್ಲಿಗೆ 800 ಉಳಿಯೋದಿರಲಿ, ಹತ್ತು ಕಿಲೋಗೆ 600 ಹೆಚ್ಚಿಗೆ ಕೊಟ್ಟ ಹಾಗಾಯ್ತು.

ಇಷ್ಟಕ್ಕೇ ಮುಗೀಲಿಲ್ಲ. ಗ್ರೇಡ್ ಹೇಳೋದು ಗಾತ್ರ ಮತ್ತು ಬಣ್ಣವನ್ನ, ತಾಜಾತನವನ್ನಲ್ಲ. ಟಿನ್‌ನಲ್ಲಿ ಗಾಳಿ ತೆಗೆದು ಇಂಗಾಲದ ಡೈಆಕ್ಸೈಡ್ ಅಥವಾ ಸಾರಜನಕ ತುಂಬಿರ್ತಾರೆ, ಅದಕ್ಕೇ ಬೀಜ ತಿಂಗಳುಗಟ್ಟಲೆ ಕೆಡಲ್ಲ. ಬಾಯಿ ತೆರೆದ ಮೇಲೆ ಗಾಳಿಯ ತೇವ ಎಳ್ಕೊಂಡು ಮೆತ್ತಗಾಗುತ್ತೆ, ಒಳಗಿನ ಎಣ್ಣೆ ಕಮಟಾಗುತ್ತೆ. ನಮ್ಮದು ಕೊಂಡಿದ್ದು ಮಳೆಗಾಲದಲ್ಲಿ. ಸಮಾರಂಭಕ್ಕೆ ಹುರಿದು ಹಾಕಿದ್ದು ಹೇಗೋ ನಡೀತು, ಯಾಕಂದ್ರೆ ತುಪ್ಪದಲ್ಲಿ ಹುರಿದರೆ ಕಮಟು ಅರ್ಧ ಮುಚ್ಚಿಹೋಗುತ್ತೆ. ಹಸಿಯಾಗಿ ರುಬ್ಬಿದಾಗ ಗೊತ್ತಾಯ್ತು. ಕವರಿನ ತಳದಲ್ಲಿ ಹಿಟ್ಟಿನಂಥ ಪುಡಿ, ಬೀಜಗಳ ನಡುವೆ ಹುಳುವಿನ ಬಲೆ. ಎರಡು ಕಿಲೋ ಎಸೆದೆವು. 9,800 ಕೊಟ್ಟು ತಿನ್ನೋಕೆ ಸಿಕ್ಕಿದ್ದು ಎಂಟು ಕಿಲೋ, ಅಂದ್ರೆ 320ರ ಮಾಲು ಕಿಲೋಗೆ 1,225 ಬಿತ್ತು!

ಹಾಗಾಗಿ ಕೊಳ್ಳುವಾಗ ಬಟ್ಟಲಿನ ಸ್ಯಾಂಪಲ್ ನಂಬಬೇಡಿ. ನಿಮಗೆ ಕೊಡೋ ಮಾಲಿನ ನಡುವಿಂದ ಕೈ ಹಾಕಿ ಒಂದು ಹಿಡಿ ತೆಗೆಸಿ, ಹಸಿ ಬೀಜವನ್ನೇ ಮುರಿದು ನೋಡಿ. ತಾಜಾದು ಟಕ್ ಅಂತ ಮುರಿಯುತ್ತೆ, ತೇವ ಕುಡಿದದ್ದು ಬಾಗಿ ಆಮೇಲೆ ಮುರಿಯುತ್ತೆ. ಮುರಿದ ಜಾಗವನ್ನ ಮೂಗಿಗೆ ಹಿಡಿದರೆ ಹಳೇ ಎಣ್ಣೆಯ ವಾಸನೆ ಬರಬಾರದು. ಹುರಿದು ಉಪ್ಪು ಹಾಕಿದ್ದನ್ನ ರುಚಿ ನೋಡಿ ಹಸಿ ಮಾಲು ಕೊಂಡರೆ ಏನೂ ತಿಳಿಯಲ್ಲ.

"ಮಂಗಳೂರು ಗೋಡಂಬಿ" ಅನ್ನೋ ಬೋರ್ಡಿಗೂ ಮರುಳಾಗಬೇಡಿ. ಕರಾವಳಿಯ ಕಾರ್ಖಾನೆಗಳಿಗೆ ಐವರಿ ಕೋಸ್ಟ್, ಬೆನಿನ್, ತಾಂಜಾನಿಯಾದಿಂದ ಸಿಪ್ಪೆ ಸಮೇತ ಗೇರುಬೀಜ ಹಡಗಿನಲ್ಲಿ ಬರುತ್ತೆ. ಒಡೆದು ಸುಲಿದದ್ದು ಅಲ್ಲಿ ಅಂದ ಮಾತ್ರಕ್ಕೆ ಬೆಳೆದದ್ದೂ ಅಲ್ಲೇ ಅಂತಲ್ಲ. ಆಫ್ರಿಕಾದ್ದು ಅಂದ ಮಾತ್ರಕ್ಕೆ ಕೆಟ್ಟದ್ದೂ ಅಲ್ಲ. ಊರ ಹೆಸರಿಗೆ ಹೆಚ್ಚಿಗೆ ಕೇಳಿದರೆ ಮಾತ್ರ ಯೋಚನೆ ಮಾಡಿ.

ಟಿನ್ ಲಾಭ ಆಗೋದು ಎರಡು ಮೂರು ಮನೆಯವರು ಸೇರಿ ತಂದು, ಸೀಲ್ ಒಡೆದ ದಿನವೇ ಹಂಚಿಕೊಂಡರೆ. ಉಳಿದದ್ದನ್ನ ಗಾಳಿಯಾಡದ ಸಣ್ಣ ಡಬ್ಬಿಗಳಲ್ಲಿ ಫ್ರಿಜ್‌ನಲ್ಲಿಡಿ. ಹೊರಗೆ ತೆಗೆದ ಡಬ್ಬಿಯ ತಂಪು ಹೋಗೋವರೆಗೂ ಮುಚ್ಚಳ ತೆರೀಬೇಡಿ, ಇಲ್ಲಾಂದ್ರೆ ಬೀಜದ ಮೇಲೆ ಬೆವರು ಕೂರುತ್ತೆ. ಪಾಯಸಕ್ಕೆ, ಬರ್ಫಿಗೆ ಹೇಗೂ ಮುರಿದೇ ಹಾಕ್ತೀವಲ್ಲ, ಅದಕ್ಕೆ ಎರಡು ಹೋಳಾದ ತಾಜಾ ಬೇಳೆ ಗೋಡಂಬಿ ಅಥವಾ ತುಂಡು ಗೋಡಂಬಿ ಸಾಕು, ಇಡೀ ಬೀಜಕ್ಕಿಂತ ಅಗ್ಗ.

ವಾಪಸ್ ಕೇಳೋಕೆ ಹೋದಾಗ ಅಂಗಡಿಯವರು ನಮ್ಮ ಚೀಟಿಯನ್ನೇ ತೋರಿಸಿದರು. ಅದರಲ್ಲಿ ಬರೆದಿದ್ದು "ಗೋಡಂಬಿ 10 ಕೆ.ಜಿ." ಅಷ್ಟೇ. ಗ್ರೇಡ್ ಎಲ್ಲೂ ಇರಲಿಲ್ಲ. ನೀವು ಬಿಲ್‌ನಲ್ಲಿ ನಂಬರ್ ಬರೆಸಿಕೊಳ್ಳಿ. ಬರೆಯೋಕೆ ಹಿಂದೆಮುಂದೆ ನೋಡಿದರೆ ಮುಂದಿನ ಅಂಗಡಿಗೆ ನಡೀರಿ. ಬರೆಸಿದ ಬಿಲ್ ಇದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಕಾದರೂ ಆಧಾರ ಇರುತ್ತೆ.